ಐಟಿ ಕೆಲಸದ ಕಷ್ಟ ಅಪ್ಪ ಅಮ್ಮನಿಗೆ ಹೇಳೋದು ಹೇಗೆ? ಮೂರು ಕಾಗದ ಸಾಕು

"ತಿಂಗಳಿಗೆ ಒಂದೂವರೆ ಲಕ್ಷ ಸಂಬಳ, ಎಸಿ ಆಫೀಸು, ಮನೆ ಬಾಗಿಲಿಗೆ ಕ್ಯಾಬು. ಇನ್ನೇನು ಕಷ್ಟ ನಿನಗೆ, ಅಂತಾರೆ. ಏನು ಉತ್ತರ ಕೊಡ್ಲಿ?" ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಲ್ಲ. ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ, ಅದಕ್ಕೇ ಒಂದೇ ಸಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. "ತುಂಬಾ ಸ್ಟ್ರೆಸ್ ಆಗ್ತಿದೆ" ಅನ್ನೋ ಮಾತಿನಿಂದ ಶುರು ಮಾಡಬೇಡಿ. ಅಪ್ಪ ಅಮ್ಮನ ಕಿವಿಗೆ ಅದು "ಟೆನ್ಷನ್" ಅಂತ ಬೀಳುತ್ತದೆ. ಟೆನ್ಷನ್ ಅವರಿಗೂ ಇತ್ತು, ಪಕ್ಕದ ಮನೆಯವರಿಗೂ ಇದೆ, ಬಿಎಂಟಿಸಿ ಡ್ರೈವರ್‌ಗೂ ಇದೆ. ಮಾತು ಅಲ್ಲಿಗೇ ಮುಗಿಯುತ್ತದೆ. ಅವರಿಗೆ ಗೊತ್ತಿಲ್ಲದೆ ಇರೋದು ನಿಮ್ಮ ಮನಸ್ಸಿನ ಸ್ಥಿತಿ ಅಲ್ಲ, ನಿಮ್ಮ ಕೆಲಸ ನಡೆಯುವ ರೀತಿ. ಅದನ್ನು ಕಾಗದದಲ್ಲಿ ತೋರಿಸಬಹುದು. ಮೂರು ಕಾಗದ ಬೇಕು: ಒಂದು ವಾರದ ಲಾಗ್, ಸಂಬಳದ ಚೀಟಿ, ಅಪಾಯಿಂಟ್‌ಮೆಂಟ್ ಲೆಟರ್.

ಉದಾಹರಣೆಗೆ ನನ್ನ ಮನೆಯ ಲೆಕ್ಕವನ್ನೇ ಕೊಡುತ್ತೇನೆ. ವಿದ್ಯಾರಣ್ಯಪುರದಲ್ಲಿ ಮನೆ, ಆಗ ಆಫೀಸು ಮಾರತ್ತಹಳ್ಳಿ. ಅಪ್ಪ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ತಗೊಂಡವರು. ಮೊತ್ತಗಳನ್ನು ಸ್ವಲ್ಪ ಸರಿಸುಮಾರು ಮಾಡಿದ್ದೇನೆ, ಓದೋಕೆ ಸುಲಭ ಆಗಲಿ ಅಂತ.

1. ನಿಮಗೆ ಏನು ಬೇಕು ಅಂತ ಮೊದಲು ತೀರ್ಮಾನ ಮಾಡಿ

ಜಾಸ್ತಿ ಜನ ಎಡವೋದು ಇಲ್ಲೇ. ಕೂತು ಒಂದು ಗಂಟೆ ಕಷ್ಟ ಹೇಳಿಕೊಳ್ಳುತ್ತಾರೆ. ಕೊನೆಗೆ ಅಪ್ಪ "ಸರಿ, ಈಗ ಏನು ಮಾಡಬೇಕು ಅಂತೀಯ?" ಅಂದರೆ ಉತ್ತರ ಇರುವುದಿಲ್ಲ. ಆಗ ಅವರೇ ಒಂದು ಉತ್ತರ ಕೊಡುತ್ತಾರೆ: "ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಆದ್ದರಿಂದ ಒಂದೇ ಒಂದು ಕೋರಿಕೆ ಇಟ್ಟುಕೊಳ್ಳಿ. ಕಂಪನಿ ಬದಲಾಯಿಸುತ್ತೀರಾ, ಸಂಬಳ ಕಡಿಮೆ ಆಗುತ್ತದಾ, ಹೊಸ ಸೈಟು ಕೊಳ್ಳೋದು ಮುಂದಕ್ಕೆ ಹಾಕಬೇಕಾ, ರಾತ್ರಿ ಮೀಟಿಂಗ್ ಇರೋ ದಿನ ಊಟಕ್ಕೆ ಕಾಯಬಾರದಾ, ಯಾವುದೋ ಒಂದು. ನಾನು ಕೇಳಿದ್ದು ಇಷ್ಟು: "ಮೂರು ತಿಂಗಳೊಳಗೆ ಬೇರೆ ಕಡೆ ಹೋಗ್ತೀನಿ. ಕೈಗೆ ಬರೋ ಸಂಬಳ ಇಪ್ಪತ್ತು ಸಾವಿರದವರೆಗೆ ಕಡಿಮೆ ಆಗಬಹುದು. ಅದಕ್ಕೆ ಬೇಡ ಅನ್ಬೇಡಿ."

ಹುಡುಗಿ ನೋಡೋ ವಿಷಯ, ಕಾರಿನ ವಿಷಯ, ಅಣ್ಣನ ಸಾಲದ ವಿಷಯ ಎಲ್ಲ ಅದೇ ದಿನ ತೆಗೆಯಬೇಡಿ. ಮದುವೆ ಮಾತು ಬಂತು ಅಂದರೆ ಕೆಲಸದ ಮಾತು ಅವತ್ತಿಗೆ ಮುಗಿದ ಹಾಗೆ.

2. ಒಂದು ವಾರದ ಲಾಗ್ ಬರೆಯಿರಿ

ಲಾಗ್ ಅಂದರೆ ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವಾಗ ಬರೆಯುತ್ತಿದ್ದರಲ್ಲ, ಅಂಥದ್ದೇ ಪುಸ್ತಕ. ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗೀತು, ನಡುವೆ ಏನಾಯಿತು. ಫೋನಿನಲ್ಲಿ ಬೇಡ, ಕಾಗದದ ಮೇಲೆ ಕನ್ನಡದಲ್ಲಿ ಬರೆಯಿರಿ. ಆಯಾ ದಿನವೇ ಬರೆಯಿರಿ, ಯಾಕೆಂದರೆ ನೆನಪಿನಿಂದ ಬರೆದರೆ ನೀವೇ ಕೋಪದಲ್ಲಿ ಎರಡು ಗಂಟೆ ಸೇರಿಸಿರುತ್ತೀರಿ.

ನನ್ನದು ಆನ್‌ಕಾಲ್ ವಾರ. ಆನ್‌ಕಾಲ್ ಅಂದರೆ ಸರದಿ ಪಾಳಿ. ಆ ಏಳು ದಿನ ಸಿಸ್ಟಮ್ ಎಲ್ಲಿ ಕೈಕೊಟ್ಟರೂ ಮೊದಲ ಫೋನ್ ನನಗೆ, ಹದಿನೈದು ನಿಮಿಷದೊಳಗೆ ಲ್ಯಾಪ್‌ಟಾಪ್ ಮುಂದೆ ಇರಬೇಕು. ಆ ವಾರದ ಮಂಗಳವಾರ ಹೀಗಿತ್ತು:

ಬೆಳಗಿನ ಜಾವ 2:20ಕ್ಕೆ ಅಲಾರಂ. 4:05ಕ್ಕೆ ಸರಿಯಾಯಿತು. ಮಲಗಿದ್ದು 4:40. ಎದ್ದದ್ದು 7:30. ಮನೆ ಬಿಟ್ಟದ್ದು 8:15, ಆಫೀಸು ಮುಟ್ಟಿದ್ದು 9:55. ಹತ್ತಕ್ಕೆ ಸ್ಟ್ಯಾಂಡಪ್, ಅಂದರೆ ನಿನ್ನೆ ಏನು ಮಾಡಿದೆ ಇವತ್ತು ಏನು ಮಾಡ್ತೀಯ ಅಂತ ಒಬ್ಬೊಬ್ಬರೇ ಒಪ್ಪಿಸುವ ಸಣ್ಣ ಸಭೆ. ಸಂಜೆ 6:15ಕ್ಕೆ ಹೊರಟು 8ಕ್ಕೆ ಮನೆ. ರಾತ್ರಿ 9:30ರಿಂದ 10:30 ಕ್ಯಾಲಿಫೋರ್ನಿಯಾದವರ ಜೊತೆ ಮೀಟಿಂಗ್.

ರಾತ್ರಿ ಮೀಟಿಂಗ್ ಯಾಕೆ ಅಂತ ಅಮ್ಮ ಖಂಡಿತ ಕೇಳುತ್ತಾರೆ. ಗಡಿಯಾರ ತೋರಿಸಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅವರು ಬೆಳಗ್ಗೆ ಒಂಬತ್ತಕ್ಕೆ ಕಾಫಿ ಹಿಡಿದು ಕೂತಾಗ ನಮಗೆ ರಾತ್ರಿ ಒಂಬತ್ತೂವರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಅದೇ ಮೀಟಿಂಗ್ ನಮಗೆ ಹತ್ತೂವರೆಗೆ ಶುರು. ಮಾರ್ಚ್‌ವರೆಗೂ ಹಾಗೇ. ಇದು ಯಾರ ಕೆಟ್ಟತನವೂ ಅಲ್ಲ. ಆದರೆ "ಆಫೀಸು ಆರಕ್ಕೆ ಮುಗೀತಲ್ಲ, ಇನ್ನೂ ಯಾರ ಜೊತೆ ಮಾತು?" ಅನ್ನೋ ಅನುಮಾನ ಇದರಿಂದ ಹೋಗುತ್ತದೆ.

ವಾರದ ಕೊನೆಗೆ ಕೂಡಿದೆ. ಹಗಲಿನ ಕೆಲಸ 41 ಗಂಟೆ, ರಾತ್ರಿ ಮೀಟಿಂಗ್ 5, ನಡುರಾತ್ರಿಯ ಮೂರು ಕರೆಗಳು ಸೇರಿ ನಾಲ್ಕೂವರೆ, ಭಾನುವಾರ ಎರಡೂವರೆ. ಒಟ್ಟು 53. ಮೂರು ದಿನ ಆಫೀಸಿಗೆ ಹೋಗಿ ಬಂದದ್ದು ಬೇರೆ, ಅದು ಸುಮಾರು ಹತ್ತು ಗಂಟೆ.

ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕಾರ್ಖಾನೆ ಕಾಯಿದೆ ಅವರಿಗೆ ಬಾಯಿಪಾಠ. ವಾರಕ್ಕೆ 48 ಗಂಟೆ, ಅದರ ಮೇಲೆ ಕೆಲಸ ಮಾಡಿಸಿದರೆ ಓಟಿ, ಓಟಿಗೆ ಡಬಲ್.

"ಐದು ಗಂಟೆ ಓಟಿ ಆಯ್ತು. ಡಬಲ್ ಅಂದ್ರೆ ಹತ್ತು ಗಂಟೆ ಕೂಲಿ. ಎಷ್ಟು ಕೊಟ್ರು?"

"ಏನೂ ಇಲ್ಲಪ್ಪ."

"ಬರ್ಕೊಂಡಿಲ್ವಾ ನೀನು?"

"ಬರೆಯೋ ಪುಸ್ತಕನೇ ಇಲ್ಲ."

ಅಷ್ಟು ದಿನ ನಾನು ಹೇಳಿದ ಯಾವ ಮಾತೂ ಮಾಡದ ಕೆಲಸವನ್ನು ಆ ಕೂಡುವ ಲೆಕ್ಕ ಮಾಡಿತು.

ಎಚ್ಚರಿಕೆ ಒಂದು. ಗಂಟೆ ಲೆಕ್ಕದಲ್ಲಿ ಮಾತ್ರ ಗೆಲ್ಲೋಕೆ ಹೋಗಬೇಡಿ. ನಿಮ್ಮ ತಂದೆ ತಾಯಿ ನಿಮಗಿಂತ ಜಾಸ್ತಿ ಗಂಟೆ ದುಡಿದಿರಬಹುದು, ಅದೂ ನಿಂತುಕೊಂಡು. ತೋರಿಸಬೇಕಾದದ್ದು ನಿದ್ದೆ ಎಷ್ಟು ತುಂಡಾಗಿದೆ ಅನ್ನೋದು, ಮತ್ತೆ ಕರೆ ಬರದ ದಿನವೂ ನೀವು ಹದಿನೈದು ನಿಮಿಷದ ಹಗ್ಗದಲ್ಲಿ ಕಟ್ಟಿ ಹಾಕಿಸಿಕೊಂಡಿರುತ್ತೀರಿ ಅನ್ನೋದು. ಚಿಕ್ಕಪ್ಪನ ಮನೆ ಗೃಹಪ್ರವೇಶಕ್ಕೆ ನಾನು ಲ್ಯಾಪ್‌ಟಾಪ್ ಬ್ಯಾಗ್ ಹೊತ್ತುಕೊಂಡು ಹೋಗಿದ್ದೆ. ನಾಲ್ಕು ಜನರ ಮುಂದೆ ದೊಡ್ಡಸ್ತಿಕೆ ತೋರಿಸೋಕೆ ತಂದಿದ್ದಾನೆ ಅಂತ ಅಮ್ಮ ಎರಡು ವರ್ಷ ಅಂದುಕೊಂಡಿದ್ದರಂತೆ. ಲಾಗ್ ನೋಡಿದ ದಿನ ಹೇಳಿದರು.

3. ಸಂಬಳದ ಚೀಟಿ ಬಿಚ್ಚಿ ತೋರಿಸಿ

ಸಂಬಳ ಎಷ್ಟು ಅಂತ ಮನೆಯಲ್ಲಿ ಹೇಳಿರುವುದು ಯಾವಾಗಲೂ ಸಿಟಿಸಿ. ಸಿಟಿಸಿ ಅಂದರೆ ನಿಮಗೋಸ್ಕರ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ನಿಮ್ಮ ಕೈಗೆ ಬರುವ ದುಡ್ಡಲ್ಲ. ಈ ತಪ್ಪಿಗೆ ನಾವೇ ಹೊಣೆ. ಕೆಲಸ ಸಿಕ್ಕಿದ ದಿನ "ಇಪ್ಪತ್ನಾಲ್ಕು ಲಕ್ಷ ಪ್ಯಾಕೇಜ್" ಅಂತ ನಾವೇ ಕೂಗಿದ್ದು. ಅಮ್ಮ ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಎರಡು ಲಕ್ಷ ಅಂತ ತಂಗಿಯರಿಗೆಲ್ಲ ಹೇಳಿ ಆಗಿದೆ.

ನನ್ನ 24 ಲಕ್ಷ ಹೀಗೆ ಕರಗುತ್ತಿತ್ತು. ಅದರಲ್ಲಿ 2.4 ಲಕ್ಷ ವೇರಿಯಬಲ್, ಅಂದರೆ ರೇಟಿಂಗ್ ಚೆನ್ನಾಗಿ ಬಂದರೆ, ಕಂಪನಿಗೂ ಲಾಭ ಬಂದರೆ ವರ್ಷದ ಕೊನೆಗೆ ಕೊಡಬಹುದಾದ ಭಾಗ. ಕಂಪನಿ ಕಟ್ಟುವ ಪಿಎಫ್ ಪಾಲು 1.44 ಲಕ್ಷ, ಅದೂ ಸಿಟಿಸಿ ಒಳಗೇ. ಗ್ರಾಚುಯಿಟಿ ಅಂತ ಸುಮಾರು 58 ಸಾವಿರ, ಇನ್ಶೂರೆನ್ಸ್ ಕಂತು 18 ಸಾವಿರ. ಇವೆಲ್ಲ ತೆಗೆದರೆ ಉಳಿದದ್ದು 19.4 ಲಕ್ಷ, ತಿಂಗಳಿಗೆ 1.61 ಲಕ್ಷ ಚಿಲ್ಲರೆ. ಅದರಿಂದ ನನ್ನ ಪಾಲಿನ ಪಿಎಫ್ 12 ಸಾವಿರ, ವೃತ್ತಿ ತೆರಿಗೆ 200, ಆದಾಯ ತೆರಿಗೆ ಸುಮಾರು 15 ಸಾವಿರ ಕಡಿದು ಬ್ಯಾಂಕಿಗೆ ಬೀಳುತ್ತಿದ್ದದ್ದು 1,34,000.

ಎರಡು ಲಕ್ಷ ಎಲ್ಲಿ, ಒಂದು ಲಕ್ಷ ಮೂವತ್ನಾಲ್ಕು ಸಾವಿರ ಎಲ್ಲಿ. ಹಾಗಂತ ಇದು ಕಡಿಮೆ ಸಂಬಳ ಅಂತ ಅಲ್ಲ, ಹಾಗೆ ಹೇಳೋಕೆ ಹೋದರೆ ಅಪ್ಪ ನಗುತ್ತಾರೆ, ನಗೋದು ಸರಿಯೇ. ತೋರಿಸಬೇಕಾದದ್ದು ಮುಂದಿನ ಸಾಲು. ಮನೆ ಸಾಲ 60 ಲಕ್ಷ, 20 ವರ್ಷ, ಎಂಟೂವರೆ ಪರ್ಸೆಂಟ್ ಬಡ್ಡಿ, ಕಂತು 52 ಸಾವಿರ. ದಿನಸಿ, ಕರೆಂಟು, ನೀರು, ಅಪ್ಪನ ಬಿಪಿ ಮಾತ್ರೆ, ಅಮ್ಮನ ಥೈರಾಯ್ಡ್ ಮಾತ್ರೆ ಎಲ್ಲ ಸೇರಿ 38 ಸಾವಿರ. ಅಂದರೆ ನಾನು ದುಡಿದರೂ ದುಡಿಯದಿದ್ದರೂ ತಿಂಗಳಿಗೆ 90 ಸಾವಿರ ಹೋಗಲೇಬೇಕು. ಬ್ಯಾಂಕಿನಲ್ಲಿ ಮುಟ್ಟಬಹುದಾದ ಹಣ ಇದ್ದದ್ದು 5.4 ಲಕ್ಷ. ಭಾಗಿಸಿದರೆ ಆರು ತಿಂಗಳು.

ಈ "ಆರು ತಿಂಗಳು" ಅನ್ನೋದನ್ನು ಕೆಂಪು ಪೆನ್ನಿನಲ್ಲಿ ಬರೆದು ಸುತ್ತು ಹಾಕಿ. ಸಂಬಳ ದೊಡ್ಡದು, ಭದ್ರತೆ ಆರು ತಿಂಗಳದು. ಪ್ರತಿಷ್ಠೆ ಮತ್ತು ಭದ್ರತೆ ಎರಡೂ ಒಂದೇ ಅಂತ ಮನೆಯಲ್ಲಿ ಅಂದುಕೊಂಡಿರುತ್ತಾರೆ. ಇವು ಬೇರೆ ಬೇರೆ ಅಂತ ಗೊತ್ತಾಗೋದು ಈ ಸಾಲಿನಲ್ಲೇ.

ಗ್ರಾಚುಯಿಟಿ ಬಗ್ಗೆ ಒಂದು ಮಾತು. "ಅದು ಸಿಗುತ್ತಲ್ಲ" ಅಂತಾರೆ. ಕಾಯಂ ನೌಕರನಿಗೆ ಅದು ಸಾಮಾನ್ಯವಾಗಿ ಐದು ವರ್ಷ ಒಂದೇ ಕಡೆ ಇದ್ದರೆ ಮಾತ್ರ. ಎರಡು ಮೂರು ವರ್ಷಕ್ಕೆ ಕಂಪನಿ ಬದಲಾಯಿಸುವವರ ಸಿಟಿಸಿಯಲ್ಲಿ ಅದು ಬರೀ ಕಾಗದದ ಮೇಲೆ ಇರುವ ದುಡ್ಡು.

4. ಅಪಾಯಿಂಟ್‌ಮೆಂಟ್ ಲೆಟರ್‌ನ ಒಂದೇ ಒಂದು ಪ್ಯಾರಾ ಓದಿ ಹೇಳಿ

ನೋಟಿಸ್ ಅವಧಿಯ ಪ್ಯಾರಾ ಹುಡುಕಿ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಅರವತ್ತು ಅಥವಾ ತೊಂಬತ್ತು ದಿನ. ಅದನ್ನು ನಿಧಾನಕ್ಕೆ ಕನ್ನಡದಲ್ಲಿ ಹೇಳಿ: ಯಾವ ಕಡೆಯವರು ಬೇಕಾದರೂ ಇಷ್ಟು ದಿನದ ನೋಟಿಸ್ ಕೊಟ್ಟು, ಇಲ್ಲವೇ ಅಷ್ಟು ದಿನದ ಸಂಬಳ ಕೊಟ್ಟು ಸಂಬಂಧ ಮುಗಿಸಬಹುದು. ಎಷ್ಟೋ ಲೆಟರ್‌ಗಳಲ್ಲಿ ಕಾರಣ ಹೇಳಬೇಕು ಅಂತಲೂ ಇರುವುದಿಲ್ಲ. ನಿಮ್ಮದರಲ್ಲಿ ಏನಿದೆಯೋ ಅದನ್ನೇ ಓದಿ, ಊಹೆ ಸೇರಿಸಬೇಡಿ.

ಈಗ ನಿಮ್ಮ ಮನೆಯವರ ಕೆಲಸದ ಜೊತೆ ಹೋಲಿಸಿ. ಅಪ್ಪ ಅಥವಾ ಅಮ್ಮ ಸರ್ಕಾರಿ ನೌಕರರಾಗಿದ್ದರೆ ಇದು ಸುಲಭ. ಸಂವಿಧಾನದ 311ನೇ ವಿಧಿ ಪ್ರಕಾರ ಅವರನ್ನು ವಿಚಾರಣೆ ಇಲ್ಲದೆ ವಜಾ ಮಾಡೋ ಹಾಗಿಲ್ಲ, ಬಹಳ ಕಡಿಮೆ ವಿನಾಯಿತಿಗಳನ್ನು ಬಿಟ್ಟರೆ. ಮೊದಲು ಆರೋಪ ಪಟ್ಟಿ, ಆಮೇಲೆ ಇಲಾಖಾ ವಿಚಾರಣೆ, ಉತ್ತರ ಕೊಡೋಕೆ ಅವಕಾಶ, ಮೇಲ್ಮನವಿ. ಅಮಾನತಿನಲ್ಲಿ ಇಟ್ಟರೂ ಜೀವನಾಧಾರ ಭತ್ಯೆ ಬರುತ್ತದೆ. 2006ರ ಏಪ್ರಿಲ್ 1ಕ್ಕಿಂತ ಮುಂಚೆ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಾದರೆ ಹಳೇ ಪಿಂಚಣಿಯೂ ಇರುತ್ತದೆ. "ನೌಕರಿ" ಅನ್ನೋ ಪದ ಕೇಳಿದಾಗ ಅವರ ತಲೆಯಲ್ಲಿ ಇದೆಲ್ಲ ಸೇರಿಕೊಂಡೇ ಬರುತ್ತದೆ. ನಿಮ್ಮ ನೌಕರಿಯಲ್ಲಿ ಇದ್ಯಾವುದೂ ಇಲ್ಲ ಅಂತ ಯಾರೂ ಅವರಿಗೆ ಹೇಳಿಲ್ಲ.

ಬೆಂಗಳೂರಿನ ಹಳೇ ಕಾರ್ಖಾನೆ ಮನೆಗಳಲ್ಲಿ ದಾರಿ ಬೇರೆ. ಎನ್‌ಜಿಇಎಫ್ ಮುಚ್ಚಿದ್ದನ್ನು ಈ ಊರು ನೋಡಿದೆ. ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿದ್ದನ್ನೂ ನೋಡಿದೆ. ಇಂಥ ಮನೆಯ ಹಿರಿಯರಿಗೆ ಕೆಲಸ ಹೋಗೋದು ಅಂದರೆ ಏನು ಅಂತ ನೀವು ಪಾಠ ಹೇಳಬೇಕಾಗಿಲ್ಲ. ಅವರನ್ನೇ ಕೇಳಿ. ನಾನು ಕೇಳಿದ್ದು: "ನಿಮಗೆ ವಿಆರ್‌ಎಸ್ ಬರುತ್ತೆ ಅಂತ ಎಷ್ಟು ಮೊದಲು ಗೊತ್ತಾಯ್ತಪ್ಪ?"

"ಎರಡು ವರ್ಷದಿಂದ ಮಾತಿತ್ತು. ಆರ್ಡರ್ ಕಡಿಮೆ ಆಗಿತ್ತು, ಮೆಷಿನ್ ಸುಮ್ನೆ ನಿಂತಿರ್ತಿತ್ತು. ಕಣ್ಣಿಗೆ ಕಾಣ್ತಿತ್ತಲ್ಲ."

"ನಮಗೆ ಕಾಣಲ್ಲಪ್ಪ. ಗುರುವಾರ ಒಂದು ಮೀಟಿಂಗ್ ಇನ್ವೈಟ್ ಬರುತ್ತೆ, ಹದಿನೈದು ನಿಮಿಷದ್ದು. ಅದು ಮುಗಿಯೋದ್ರೊಳಗೆ ಲ್ಯಾಪ್‌ಟಾಪ್ ಲಾಕ್ ಆಗಿರುತ್ತೆ. ನನ್ನ ಪಕ್ಕದ ಸೀಟಿನವನಿಗೆ ಹಾಗೇ ಆಯ್ತು."

ಇಲ್ಲಿ ಪಿಐಪಿ ಅನ್ನೋದನ್ನೂ ಬಿಡಿಸಿ ಹೇಳಿಬಿಡಿ. ಹೆಸರಿಗೆ ಕೆಲಸ ಸುಧಾರಿಸಿಕೊಳ್ಳಲು ಕೊಡುವ ಅವಕಾಶ. ಮೂವತ್ತು, ಅರವತ್ತು ಅಥವಾ ತೊಂಬತ್ತು ದಿನದ ಗಡುವು, ಬರೆದು ಕೊಟ್ಟ ಗುರಿಗಳು, ವಾರ ವಾರ ಪರಿಶೀಲನೆ. ನಿಜವಾಗಿ ಸುಧಾರಿಸಿ ಉಳಿದವರೂ ಇದ್ದಾರೆ, ಆದರೆ ಎಷ್ಟೋ ಕಡೆ ಅದು "ನೀನೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೊಕ್ಕವಾಗಿರುತ್ತೆ" ಅನ್ನೋ ಮಾತಿನಲ್ಲಿ ಮುಗಿಯುತ್ತದೆ. ರಿಲೀವಿಂಗ್ ಲೆಟರ್ ಅಂದರೆ ಬಿಡುಗಡೆ ಪತ್ರ, ಮುಂದಿನ ಕಂಪನಿಯವರು ಅದನ್ನು ಕೇಳುತ್ತಾರೆ. ಅದಕ್ಕೇ ಹುಡುಗರು ಜಗಳ ಮಾಡದೆ ಸಹಿ ಹಾಕಿ ಹೊರಗೆ ಬರುತ್ತಾರೆ.

"ಯೂನಿಯನ್‌ಗೆ ಹೇಳೋಕೆ ಏನು ಧಾಡಿ?" ಇದು ಅಪ್ಪನ ಮುಂದಿನ ಪ್ರಶ್ನೆ, ಕಾದಿರಿ. ಐಟಿ ನೌಕರರಿಗೆ ಕೆಐಟಿಯು ಅಂತ ಸಂಘ ಇದೆ, ಕಾರ್ಮಿಕ ಇಲಾಖೆಗೆ ದೂರು ಕೊಡೋಕೂ ದಾರಿ ಇದೆ. ಆದರೆ ಅವರ ಕಾಲದಲ್ಲಿ ಯೂನಿಯನ್ ಆಫೀಸು ಗೇಟಿನ ಒಳಗೇ ಇರುತ್ತಿತ್ತು, ಊಟದ ಬಿಡುವಿನಲ್ಲಿ ಹೋಗಿ ಮಾತಾಡಿ ಬರಬಹುದಿತ್ತು. ನಮ್ಮ ಟೆಕ್ ಪಾರ್ಕುಗಳಲ್ಲಿ ಗೇಟಿನ ಒಳಗೆ ಕಾಫಿ ಅಂಗಡಿ ಇದೆ, ಅದು ಇಲ್ಲ.

ನಿಮ್ಮನ್ನೇ ಪಿಐಪಿಯಲ್ಲಿ ಹಾಕಿದ್ದರೆ ಮನೆಯಲ್ಲಿ ಮುಚ್ಚಿಡಬೇಡಿ. ಕೆಲಸ ಹೋದ ಮೇಲೆ ಗೊತ್ತಾದರೆ, ಕೆಲಸ ಹೋದದ್ದಕ್ಕಿಂತ ನೀವು ಮೂರು ತಿಂಗಳು ಸುಳ್ಳು ಹೇಳಿದ್ದೇ ದೊಡ್ಡ ವಿಷಯ ಆಗುತ್ತದೆ.

5. ಕೂತು ಮಾತಾಡುವ ದಿನ

ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಒಳ್ಳೆಯ ಹೊತ್ತು. ಶುಕ್ರವಾರ ರಾತ್ರಿ ಬೇಡ, ನೀವು ಕೆಂಡ ಆಗಿರುತ್ತೀರಿ. ಹಬ್ಬದ ದಿನ ಬೇಡ, ಊರಿಂದ ಯಾರಾದರೂ ಬಂದಿರುವಾಗಂತೂ ಬೇಡವೇ ಬೇಡ. ನೆಂಟರ ಮುಂದೆ ನಿಮ್ಮ ಅಪ್ಪ ನಿಮ್ಮ ಮಾತು ಕೇಳಿಸಿಕೊಳ್ಳುವ ತಂದೆ ಆಗಿರುವುದಿಲ್ಲ, ಮಗನ ಬಗ್ಗೆ ಹೆಮ್ಮೆ ಕಾಪಾಡಿಕೊಳ್ಳಬೇಕಾದ ಮನೆ ಯಜಮಾನ ಆಗಿರುತ್ತಾರೆ.

ಮೊದಲು ಅಮ್ಮನ ಹತ್ತಿರ ಹೇಳಿ ಅವರಿಂದ ಅಪ್ಪನಿಗೆ ದಾಟಿಸೋದು ನಮ್ಮ ಎಷ್ಟೋ ಮನೆಗಳ ಪದ್ಧತಿ. ಈ ವಿಷಯದಲ್ಲಿ ಅದು ಕೆಲಸ ಮಾಡುವುದಿಲ್ಲ ಅಂತ ನನ್ನ ಅಭಿಪ್ರಾಯ. ಅಮ್ಮ ಅಪ್ಪನಿಗೆ ದಾಟಿಸುವಾಗ ಅಂಕಿಗಳೆಲ್ಲ ಉದುರಿ, "ಅವನಿಗೆ ಕೆಲಸ ಬೇಜಾರಾಗಿದೆಯಂತೆ" ಅಂತ ಉಳಿಯುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಕಾಗದ ಅವರ ಕೈಗೆ ಕೊಡಿ, ನೀವು ಹಿಡಿದುಕೊಂಡು ಓದಬೇಡಿ. ಕೊಟ್ಟು ಸುಮ್ನೆ ಇರಿ.

ಬರುವ ಮಾತುಗಳು ಹೆಚ್ಚು ಕಡಿಮೆ ಎಲ್ಲ ಮನೆಯಲ್ಲೂ ಒಂದೇ.

"ನಾವೇನು ಕಷ್ಟ ಪಟ್ಟಿಲ್ವಾ?" ಇದಕ್ಕೆ ವಾದ ಮಾಡಬೇಡಿ. ಪಟ್ಟಿದ್ದಾರೆ. "ಪಟ್ಟಿದ್ದೀರಿ. ಆದ್ರೆ ಮೂರನೇ ಶಿಫ್ಟ್ ಮಾಡಿ ಬಂದ್ರೆ ಬೆಳಗ್ಗೆ ಮಲಗೋಕೆ ಬಿಡ್ತಿದ್ರು ಅಲ್ವಾ? ನನಗೆ ರಾತ್ರಿ ಪಾಳಿ ಮುಗಿಸಿ ಅದೇ ದಿನ ಫಸ್ಟ್ ಶಿಫ್ಟು." ಅವರ ಕಷ್ಟದ ಭಾಷೆಯಲ್ಲೇ ನಿಮ್ಮದನ್ನು ಹೇಳಿದರೆ ಹೋಲಿಕೆ ಅವರೇ ಮಾಡಿಕೊಳ್ಳುತ್ತಾರೆ.

"ಅವರ ಮಗ ಹತ್ತು ವರ್ಷದಿಂದ ಅದೇ ಕಂಪನೀಲಿ ಇಲ್ವಾ?" ಇರಬಹುದು. ಅವನ ತಂಡ ಬೇರೆ, ಅವನಿಗೆ ಆನ್‌ಕಾಲ್ ಇದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಅವನ ಬಗ್ಗೆ ಕೆಟ್ಟದ್ದು ಹೇಳೋಕೆ ಹೋಗಬೇಡಿ. "ಅವನ ಲಾಗ್ ನನ್ನ ಹತ್ರ ಇಲ್ಲಮ್ಮ, ನನ್ನದು ಇಲ್ಲಿದೆ" ಅಂದರೆ ಸಾಕು.

"ಮನೇಲಿ ಕೂತು ಮಾಡೋ ಕೆಲಸ ತಾನೆ?" ಇದಕ್ಕೆ ಬಾಯಲ್ಲಿ ಉತ್ತರ ಬೇಡ. ಮುಂದಿನ ಆನ್‌ಕಾಲ್ ರಾತ್ರಿ ಅಲಾರಂ ಹೊಡೆದಾಗ ರೂಮಿನ ಬಾಗಿಲು ತೆರೆದಿಡಿ, ಹೆಡ್‌ಫೋನ್ ತೆಗೆದಿಡಿ. ನಮ್ಮಮ್ಮ ನೀರು ಕುಡಿಯೋಕೆ ಎದ್ದವರು ಹತ್ತು ನಿಮಿಷ ಬಾಗಿಲಲ್ಲೇ ನಿಂತಿದ್ದರು. ಇಂಗ್ಲಿಷು ಅರ್ಥ ಆಗಲಿಲ್ಲವಂತೆ, ಆ ಕಡೆಯವನ ದನಿ ಅರ್ಥ ಆಯಿತಂತೆ. ಗ್ರಾಹಕರ ಗುಟ್ಟಿನ ವಿಷಯ ಮಾತಾಡುವ ಕರೆಯಾದರೆ ಮಾತ್ರ ಈ ಉಪಾಯ ಬೇಡ.

ಇನ್ನೊಂದು ಮಾತು ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ನೀವೇ ಊಹಿಸಬೇಕು. ಕಾರ್ಖಾನೆಯಿಂದ ಬಂದವರಲ್ಲಿ ಬಹಳ ಜನರಿಗೆ ಬರೋದು ಪಿಎಫ್ ಇಲಾಖೆಯ ಇಪಿಎಸ್ ಪಿಂಚಣಿ, ಕೆಲವೇ ಸಾವಿರ ರೂಪಾಯಿ. ನಿಮ್ಮ ಸಂಬಳ ನಿಂತರೆ ಮಾತ್ರೆಗೆ ಯಾರು ಅನ್ನೋ ಭಯ ಅವರಿಗೆ ಇರುತ್ತದೆ. ಅದನ್ನು ಹೇಳಿಕೊಳ್ಳೋಕೆ ನಾಚಿಕೆ, ಆದ್ದರಿಂದ "ಎಂಥ ಒಳ್ಳೇ ಕಂಪನಿ, ಬಿಡ್ತಾರಾ ಯಾರಾದ್ರೂ?" ಅಂತ ಹೊರಗೆ ಬರುತ್ತದೆ. ಆ ಭಯಕ್ಕೆ ಉತ್ತರ ಮುಂದಿನ ಹಂತದಲ್ಲಿದೆ.

6. ಬಿಡುವ ಲೆಕ್ಕ, ಮುಖ್ಯವಾಗಿ ಇನ್ಶೂರೆನ್ಸ್

ಕೆಂಪು ಸುತ್ತು ಹಾಕಿದ ಕಾಗದದ ಕೆಳಗೇ ಹೊಸ ಲೆಕ್ಕ ಬರೆಯಿರಿ. ನನ್ನದು ಹೀಗಿತ್ತು: ಹೊಸ ಕಡೆ ಕೈಗೆ 1,15,000. ಹೋಗಲೇಬೇಕಾದದ್ದು 90 ಸಾವಿರ. ಉಳಿಯೋದು 25 ಸಾವಿರ, ಮೊದಲು ಉಳಿಯುತ್ತಿದ್ದದ್ದು 44. ಹೊಸ ಆಫರ್ ಲೆಟರ್ ಕೈಗೆ ಬರದೆ ರಾಜೀನಾಮೆ ಇಲ್ಲ. ಕಂತು ಒಂದು ತಿಂಗಳೂ ತಪ್ಪುವುದಿಲ್ಲ. ಇಷ್ಟು ಬರೆದ ಮೇಲೆ ಅಪ್ಪನ ಪ್ರಶ್ನೆಗಳು "ಯಾಕೆ ಬಿಡ್ತೀಯ" ಅನ್ನೋದರಿಂದ "ಆ ಕಂಪನಿ ಎಲ್ಲಿದೆ, ಮೆಟ್ರೋ ಹತ್ರ ಆಗುತ್ತಾ" ಅನ್ನೋದಕ್ಕೆ ಬಂದವು. ಪ್ರಶ್ನೆ ಹೀಗೆ ಬದಲಾಯಿತು ಅಂದರೆ ಮಾತು ಮುಟ್ಟಿದೆ ಅಂತಲೇ ಲೆಕ್ಕ. "ಆಯ್ತು, ನಿನ್ನಿಷ್ಟ" ಅಂದರೆ ಮುಟ್ಟಿಲ್ಲ, ಒಂದು ವಾರ ಬಿಟ್ಟು ಮತ್ತೆ ಕೂತುಕೊಳ್ಳಿ.

ಎಲ್ಲರೂ ಮರೆಯುವ ವಿಷಯ ಆರೋಗ್ಯ ವಿಮೆ. ಅಪ್ಪ ಅಮ್ಮನ ಹೆಸರು ನಿಮ್ಮ ಕಂಪನಿಯ ಗುಂಪು ಪಾಲಿಸಿಯಲ್ಲಿ ಇದ್ದರೆ, ಸಾಮಾನ್ಯವಾಗಿ ಅದು ನಿಮ್ಮ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಗುಂಪು ಪಾಲಿಸಿಗಳಲ್ಲಿ ಹಳೇ ಬಿಪಿ, ಶುಗರ್ ಎಲ್ಲಕ್ಕೂ ಮೊದಲ ದಿನದಿಂದಲೇ ರಕ್ಷಣೆ ಇರೋದು ಜಾಸ್ತಿ. ನೀವೇ ಹೊಸದಾಗಿ ಪಾಲಿಸಿ ತಗೊಂಡರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಆದ್ದರಿಂದ ರಾಜೀನಾಮೆ ಕೊಡುವ ಮೊದಲೇ ಅದೇ ವಿಮಾ ಕಂಪನಿಗೆ ಫೋನ್ ಮಾಡಿ, ಗುಂಪು ಪಾಲಿಸಿಯಿಂದ ಸ್ವಂತ ಪಾಲಿಸಿಗೆ ಮೈಗ್ರೇಷನ್, ಅಂದರೆ ವರ್ಗಾವಣೆ ಬೇಕು ಅಂತ ಕೇಳಿ. ಇಲ್ಲಿಯವರೆಗೆ ಕಳೆದ ಅವಧಿ ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತದೆಯಾ, ಎಷ್ಟು, ಅಂತ ಇಮೇಲಿನಲ್ಲಿ ಬರೆಸಿಕೊಳ್ಳಿ. ಅರ್ಜಿ ಕೊನೆಯ ದಿನಕ್ಕಿಂತ ಮೊದಲೇ ಹೋಗಿರಲಿ. ಹೊಸ ಕಂಪನಿಯ ಪಾಲಿಸಿ ತಂದೆ ತಾಯಿಯನ್ನು ಸೇರಿಸುತ್ತದೆಯಾ, ಯಾವ ದಿನದಿಂದ, ಅಂತಲೂ ಆಫರ್ ಒಪ್ಪುವ ಮುಂಚೆ ಕೇಳಿ. ಸೇರಿಸುವುದಿಲ್ಲ ಅಂತಾದರೆ ಆ ಕಂತನ್ನೂ ತಿಂಗಳ ಲೆಕ್ಕಕ್ಕೆ ಸೇರಿಸಿ, 25 ಸಾವಿರ ಅನ್ನೋದು 20 ಆಗಬಹುದು, ಅದನ್ನು ಮುಚ್ಚಿಡಬೇಡಿ.

ಈ ಹಂತಗಳೆಲ್ಲ ನಿಧಾನಕ್ಕೆ ಮಾಡೋಕೆ ಟೈಮ್ ಇರುವವರಿಗೆ. ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಆಫೀಸಿನ ಬಸ್ ನೋಡಿದರೆ ಎದೆ ಹೊಡೆದುಕೊಳ್ಳುತ್ತೆ, ಬದುಕೇ ಬೇಡ ಅನ್ನಿಸ್ತಿದೆ ಅಂತಾದರೆ ಲಾಗ್ ಬರೆಯುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಎದುರು ಕೂತು ಮಾತಾಡಬೇಕು ಅನ್ನಿಸಿದರೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಅಪ್ಪ ಅಮ್ಮನಿಗೆ ಆಮೇಲೆ ಹೇಳಿದರೂ ನಡೆಯುತ್ತದೆ.

7. ನೆಂಟರಿಗೆ ಹೇಳುವ ವಾಕ್ಯವನ್ನು ನೀವೇ ಬರೆದುಕೊಡಿ

ಸಣ್ಣ ವಿಷಯ ಅನ್ನಿಸುತ್ತದೆ, ಅಲ್ಲ. ಅಪ್ಪ ಅಮ್ಮ ನಿಮ್ಮನ್ನು ಒಪ್ಪಿದರೂ ಮುಂದಿನ ಮದುವೆ ಮನೆಯಲ್ಲಿ "ಮಗ ಈಗ ಎಲ್ಲಿದಾನೆ? ಅಯ್ಯೋ, ಆ ಕಂಪನಿ ಬಿಟ್ನಾ?" ಅನ್ನೋ ಪ್ರಶ್ನೆ ಎದುರಿಸಬೇಕಾದವರು ಅವರು. ಉತ್ತರ ಕೈಯಲ್ಲಿ ಇಲ್ಲದಿದ್ದರೆ ಮನೆಗೆ ಬಂದು ಆ ಸಿಟ್ಟು ನಿಮ್ಮ ಮೇಲೇ ತೀರಿಸಿಕೊಳ್ಳುತ್ತಾರೆ.

ಸುಳ್ಳು ಹೇಳಿಸಬೇಡಿ, ಪ್ರಮೋಷನ್ ಬಂತು ಅಂತ ಹೇಳಿ ಅಂದರೆ ಅದು ಆರು ತಿಂಗಳಲ್ಲಿ ಸಿಕ್ಕಿಬೀಳುತ್ತದೆ. ನಿಜದಲ್ಲೇ ಒಂದು ಚಿಕ್ಕ ವಾಕ್ಯ ಆರಿಸಿ. ನಾನು ಕೊಟ್ಟದ್ದು: "ರಾತ್ರಿ ಪಾಳಿ ಇಲ್ಲದ ಕಡೆ ಹೋಗಿದ್ದಾನೆ." ಅಮ್ಮ ಅದನ್ನು ಎರಡು ಮದುವೆಯಲ್ಲಿ, ಒಂದು ನಾಮಕರಣದಲ್ಲಿ ಹೇಳಿದರು, ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲವಂತೆ. ಅಪ್ಪ ಮಾತ್ರ ಅದಕ್ಕೆ ತಮ್ಮದೊಂದು ಸೇರಿಸಿಕೊಂಡಿದ್ದಾರೆ: "ಅಲ್ಲಿ ಓಟಿನೂ ಕೊಡ್ತಿರ್ಲಿಲ್ಲ."